ಕೋಡ್‌ಗೂ ಮುಂಚೆ ಒಂದು ಹಾಳೆ: ಗೇಮ್‌ನ ರಾಜಕೀಯ ತೀರ್ಮಾನ ಆಗೋದು ಅಲ್ಲೇ

ಮೂವರು ಗೆಳೆಯರು ಬೆಂಗಳೂರಿನ ನೀರಿನ ಟ್ಯಾಂಕರ್‌ಗಳ ಬಗ್ಗೆ ಒಂದು ಮೊಬೈಲ್ ಗೇಮ್ ಮಾಡೋಕೆ ಹೊರಟಿದ್ದಾರೆ ಅಂದುಕೊಳ್ಳಿ. ಒಬ್ಬರು ಕೋಡ್ ಬರೀತಾರೆ, ಒಬ್ಬರು ಚಿತ್ರ, ಇನ್ನೊಬ್ಬರು ಮಾತು ಮತ್ತು ಸದ್ದು. ಎಲ್ಲರಿಗೂ ಹಗಲು ಕೆಲಸ ಇದೆ, ಕೈಯಲ್ಲಿರೋದು ಎಂಟು ವಾರದ ಸಂಜೆಗಳು ಮಾತ್ರ. ನೇರವಾಗಿ ಕೋಡ್‌ಗೆ ಇಳಿದರೆ ಮೂರನೇ ವಾರದಲ್ಲಿ ಗೊತ್ತಾಗುತ್ತೆ: ಒಬ್ಬರ ತಲೆಯಲ್ಲಿರೋದು ಲಾರಿ ಓಡಿಸೋ ಗೇಮ್, ಇನ್ನೊಬ್ಬರದ್ದು ಟ್ಯಾಂಕರ್ ಮಾಲೀಕನ ವ್ಯವಹಾರ, ಮೂರನೆಯವರದ್ದು ಕೊಡ ಹಿಡಿದು ಕಾಯುವವರ ಕಥೆ.

ಇದಕ್ಕೆ ಮದ್ದು ನೂರು ಪುಟದ ದಾಖಲೆ ಅಲ್ಲ. ಅದನ್ನ ಯಾರೂ ಓದಲ್ಲ. ಸ್ಟೋನ್ ಲಿಬ್ರಾಂಡೆ ಎಂಬ ಅಮೆರಿಕದ ಗೇಮ್ ಡಿಸೈನರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ್ದು ಇದನ್ನೇ: ಇಡೀ ವಿನ್ಯಾಸವನ್ನ ಒಂದೇ ಹಾಳೆಗೆ ತನ್ನಿ, ಮಧ್ಯದಲ್ಲಿ ಒಂದು ಚಿತ್ರ, ಸುತ್ತ ಚಿಕ್ಕ ಟಿಪ್ಪಣಿಗಳು. ಗೋಡೆಗೆ ಅಂಟಿಸಿದರೆ ಎಲ್ಲರ ಕಣ್ಣಿಗೂ ಬೀಳಬೇಕು.

ಹಾಳೆಯ ಮೇಲ್ಭಾಗದಲ್ಲಿ ಒಂದೇ ವಾಕ್ಯ ಇರಲಿ, ಆಟಗಾರ ಯಾರು ಮತ್ತು ಏನು ಮಾಡ್ತಾನೆ ಅಂತ. ಲ್ಯೂಕಸ್ ಪೋಪ್ ಅವರ 2013ರ ಗೇಮ್ ‘ಪೇಪರ್ಸ್, ಪ್ಲೀಸ್’ ಅನ್ನ ಹೀಗೆ ಹೇಳಬಹುದು: ನೀವು ಗಡಿಯ ಅಧಿಕಾರಿ, ಬಂದವರ ದಾಖಲೆ ನೋಡಿ ಒಳಗೆ ಬಿಡ್ತೀರಿ ಅಥವಾ ತಡೀತೀರಿ, ಸಿಗೋ ಸಂಬಳದಲ್ಲಿ ಮನೆಯವರಿಗೆ ಊಟ ಹಾಕಬೇಕು. ನಮ್ಮ ಗೆಳೆಯರ ವಾಕ್ಯ: ‘ನೀವು ನಾಲ್ಕು ಟ್ಯಾಂಕರ್‌ಗಳ ಮಾಲೀಕ, ಬೇಸಿಗೆಯ ಏಳು ದಿನ ಯಾರಿಗೆ ನೀರು ಕಳಿಸಬೇಕು ಅಂತ ತೀರ್ಮಾನಿಸ್ತೀರಿ.’ ಲಾರಿ ಓಡಿಸೋದು ಅಲ್ಲಿಗೆ ಮುಗೀತು.

ಹಾಳೆಯ ಮಧ್ಯದಲ್ಲಿ ಚಕ್ರ, ಅಂದ್ರೆ ಆಟಗಾರ ಮತ್ತೆ ಮತ್ತೆ ಮಾಡೋ ಕೆಲಸ. ದಿನಕ್ಕೆ ಹತ್ತು ಫೋನ್ ಬರುತ್ತೆ, ನಾಲ್ಕು ಟ್ರಿಪ್ ಕಳಿಸಬಹುದು, ಸಂಜೆ ದುಡ್ಡು ಎಣಿಸಿ ಲೋನ್ ಕಂತು ಕಟ್ಟಬೇಕು. ಇಲ್ಲಿ ಅಂಕಿ ಬರೀಲೇಬೇಕು. ಡೀಸೆಲ್ ಕಳೆದು ಅಪಾರ್ಟ್‌ಮೆಂಟ್ ಟ್ರಿಪ್‌ಗೆ ಉಳಿಯೋದು 800 ರೂಪಾಯಿ, ವಠಾರದ ಟ್ರಿಪ್‌ಗೆ 100, ದಿನದ ಕಂತು 2000, ಶುರುವಿನಲ್ಲಿ ಕೈಯಲ್ಲಿ 1000 ಅಂತಿಟ್ಟುಕೊಳ್ಳಿ.

ಈಗ ಲೆಕ್ಕ ಹಾಕಿ. ನಾಲ್ಕೂ ಟ್ರಿಪ್ ಅಪಾರ್ಟ್‌ಮೆಂಟ್‌ಗೆ ಕಳಿಸಿದರೆ ದಿನಕ್ಕೆ 1200 ಲಾಭ. ಎರಡೆರಡು ಹಂಚಿದರೆ ದಿನಕ್ಕೆ 200 ನಷ್ಟ, ಐದನೇ ದಿನ ಕೈ ಖಾಲಿ, ಆರನೇ ದಿನ ಆಟ ಮುಗೀತು. ವಠಾರವನ್ನ ಪೂರ್ತಿ ಮರೆತವನಿಗೆ ಯಾವ ಕಷ್ಟವೂ ಇಲ್ಲ. ಗೆಳೆಯರು ಬಾಯಲ್ಲಿ ಏನೇ ಹೇಳಲಿ, ಗೇಮ್ ಹೇಳ್ತಿರೋದು ‘ದುಡ್ಡಿದ್ದವರಿಗೆ ನೀರು ಕೊಡೋದೇ ಜಾಣತನ’ ಅಂತ. ಗೇಮ್‌ನ ಅಭಿಪ್ರಾಯ ಸಂಭಾಷಣೆಯಲ್ಲಿ ಇರಲ್ಲ, ನಿಯಮದಲ್ಲಿರುತ್ತೆ.

ಹಾಗಾಗಿ ಒಂದು ನಿಯಮ ಸೇರಿಸ್ತಾರೆ: ವಠಾರಕ್ಕೆ ಸತತ ಮೂರು ದಿನ ನೀರು ಹೋಗದಿದ್ದರೆ ಜನ ಖಾಲಿ ಕೊಡ ಇಟ್ಟು ರಸ್ತೆ ತಡೀತಾರೆ, ಮರುದಿನ ಎರಡೇ ಟ್ಯಾಂಕರ್ ಹೊರಡುತ್ತೆ. ಆದರೆ ಇದಕ್ಕೂ ಒಂದು ಸಂಜೆ ಬೇಕು. ಫೋನ್‌ಗಳನ್ನ ಚೀಟಿಯಲ್ಲಿ ಬರೆದು, ಟ್ಯಾಂಕರ್‌ಗೆ ನಾಲ್ಕು ನಾಣ್ಯ ಇಟ್ಟು, ವಿಷಯ ಗೊತ್ತಿಲ್ಲದ ಒಬ್ಬರಿಗೆ ಆಡಿಸಬೇಕು. ಆಗ ಒಂದು ಬಿರುಕು ಕಾಣುತ್ತೆ: ಮೂರನೇ ದಿನಕ್ಕೊಮ್ಮೆ ಒಂದು ಟ್ರಿಪ್ ವಠಾರಕ್ಕೆ ಎಸೆದರೆ ಸಾಕು, ರಸ್ತೆ ತಡೆ ಆಗೋದೇ ಇಲ್ಲ. ಆ ದಿನವೂ 500 ಉಳಿಯುತ್ತೆ. ಆಟಗಾರ ಎರಡನೇ ಸಲವೂ ಯೋಚನೆ ಮಾಡದೆ ಅದನ್ನೇ ಮಾಡಿದರೆ, ಇದು ತೀರ್ಮಾನ ಅಲ್ಲ, ಬರೀ ಟ್ರಿಕ್. ವಠಾರಗಳನ್ನ ಒಂದರಿಂದ ಮೂರು ಮಾಡಿ, ಪ್ರತಿಯೊಂದಕ್ಕೂ ಬೇರೆ ಲೆಕ್ಕ ಇಟ್ಟು ಮತ್ತೆ ಆಡಿಸಬೇಕು. ಹಾಳೆಯಲ್ಲಿ ಇದಕ್ಕೆ ಎರಡು ನಿಮಿಷದ ತಿದ್ದುಪಡಿ ಸಾಕು, ಕೋಡ್ ಮತ್ತು ಚಿತ್ರ ಆದಮೇಲೆ ಎರಡು ವಾರ ಹೋಗಬಹುದು.

ಹಾಳೆಯ ಕೊನೆಯ ಭಾಗ ‘ಇದು ಇರಲ್ಲ’ ಪಟ್ಟಿ. ಜಗಳ ಜಾಸ್ತಿ ಆಗೋದು ಇಲ್ಲೇ. ಇವರ ಪಟ್ಟಿಯಲ್ಲಿ ಲಾರಿ ಓಡಿಸೋದು, ಆನ್‌ಲೈನ್ ಸ್ಪರ್ಧೆ, ಕಾರ್ಪೊರೇಟರ್ ಪಾತ್ರ ಇವೆ. ಕಾರ್ಪೊರೇಟರ್ ಬೇಡ ಅಂದಿದ್ದಕ್ಕೆ ಬರಹಗಾರ್ತಿಗೆ ಸಿಟ್ಟು ಬರಬಹುದು: ‘ಬತ್ತಿದ ನಲ್ಲಿಗೆ ಕಾರಣ ಆದವರನ್ನೇ ಬಿಟ್ಟರೆ ತಪ್ಪೆಲ್ಲ ಟ್ಯಾಂಕರ್ ಮಾಲೀಕನದ್ದು ಅಂತ ಆಗಲ್ವಾ?’ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಎಂಟು ವಾರದಲ್ಲಿ ಆ ಪಾತ್ರಕ್ಕೆ ಬೇಕಾದ ಎರಡನೇ ಚಕ್ರ ಕಟ್ಟೋಕೆ ಆಗಲ್ಲ. ಒಂದು ದಾರಿ ಇದೆ: ನಲ್ಲಿ ನೀರು ಯಾವ ದಿನ ಬರುತ್ತೆ ಅನ್ನೋದು ಆಟಗಾರನ ಕೈಯಲ್ಲಿರಲ್ಲ, ಬೆಳಗ್ಗೆ ಬರೀ ಒಂದು ಸಾಲಿನ ಸುದ್ದಿಯಾಗಿ ಬರುತ್ತೆ. ಪಾತ್ರ ಹೋಯ್ತು, ಅಧಿಕಾರ ಉಳೀತು.

ಒಂದು ಹಾಳೆಗೆ ಮಿತಿಯೂ ಇದೆ. ಸಂಭಾಷಣೆ, ಪರದೆಯ ವಿನ್ಯಾಸ, ಕೆಲಸದ ವೇಳಾಪಟ್ಟಿ ಅದರಲ್ಲಿ ಹಿಡಿಯಲ್ಲ, ಅವಕ್ಕೆ ಬೇರೆ ಕಡತ ಬೇಕು. ಹಾಳೆ ತಯಾರಾಗಿದೆಯಾ ಅಂತ ತಿಳಿಯೋಕೆ ಮೂವರೂ ಅದನ್ನ ಮುಚ್ಚಿಟ್ಟು, ಆಟದ ಒಂದು ದಿನ ಹೇಗೆ ಸಾಗುತ್ತೆ ಅಂತ ಬೇರೆ ಬೇರೆ ಕೂತು ಬರೀಲಿ. ಮೂರೂ ಹೊಂದದಿದ್ದರೆ ಆ ಸಂಜೆ ಲ್ಯಾಪ್‌ಟಾಪ್ ತೆರೆಯೋದು ಬೇಡ.