ಕಾರ್ಯಕ್ರಮ ಮುಗಿದ ಮೇಲೆ ನಂಬರು, ಫೋಟೊ ಎಷ್ಟು ದಿನ?

ಕಾರ್ಯಕ್ರಮಕ್ಕೆ ಬಂದವರ ಮೊಬೈಲ್ ನಂಬರು ಮತ್ತು ಅವರ ಗುರುತು ಸಿಗುವ ಫೋಟೊ, ಎರಡೂ ಭಾರತದ ಕಾನೂನಿನ ಕಣ್ಣಿನಲ್ಲಿ ಅವರ ವೈಯಕ್ತಿಕ ದತ್ತಾಂಶ. ಅವನ್ನು ಸಂಗ್ರಹಿಸುವವರ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಗದಿಪಡಿಸುತ್ತದೆ. ಈ ಕಾಯ್ದೆಯ ಬೇರು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಅಂದು ಸಾರಿತು. ಕಾಯ್ದೆಯನ್ನು ಜಾರಿಗೆ ತರುವ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಘಟಕರಿಗೆ ಸಂಬಂಧಿಸಿದ ಮುಖ್ಯ ಕರ್ತವ್ಯಗಳಿಗೆ ಅವು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿವೆ. ಅದರಂತೆ 2027ರ ಮೇ ತಿಂಗಳಿನಿಂದ ಅವು ಅನ್ವಯವಾಗುತ್ತವೆ.

ದೊಡ್ಡ ಕಂಪನಿಗಳಿಗಷ್ಟೇ ಈ ಕಾಯ್ದೆ ಎಂಬ ಭಾವನೆ ತಪ್ಪು. ನೋಂದಣಿ ಆಗಿರಲಿ ಬಿಡಲಿ, ಜನ ಕೂಡಿ ಕಟ್ಟಿಕೊಂಡ ಸಂಘವೂ ಇದರ ವ್ಯಾಪ್ತಿಗೆ ಬರುತ್ತದೆ. ಮದುವೆಯ ಮನೆಯವರು ನೆಂಟರ ನಂಬರು ಇಟ್ಟುಕೊಳ್ಳುವಂಥ ಸ್ವಂತದ, ಮನೆಮಟ್ಟಿಗಿನ ಬಳಕೆಗೆ ವಿನಾಯಿತಿ ಇದೆ. ಕಾಗದದ ಮೇಲಿನ ಹಾಜರಿ ಪಟ್ಟಿ ಕಾಗದವಾಗಿಯೇ ಇರುವ ತನಕ ಕಾಯ್ದೆಯ ಹೊರಗಿರುತ್ತದೆ. ಸ್ವಯಂಸೇವಕರೊಬ್ಬರು ಅದರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ, ಇಲ್ಲವೇ ಎಕ್ಸೆಲ್‌ಗೆ ಟೈಪ್ ಮಾಡಿದರೆ, ಆ ಕ್ಷಣಕ್ಕೆ ಒಳಗೆ ಬರುತ್ತದೆ.

ನಿಯಮಗಳು ಕೆಲಸ ಮಾಡುವ ಬಗೆ ಒಂದು ಕಾಲ್ಪನಿಕ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಧಾರವಾಡದ ಸಾಹಿತ್ಯ ಸಂಘವೊಂದು 2027ರ ಆಗಸ್ಟ್ 7 ಮತ್ತು 8ರಂದು ಅರವತ್ತು ಜನರಿಗೆ ಕಥಾ ಕಮ್ಮಟ ನಡೆಸುತ್ತದೆ ಎಂದಿಟ್ಟುಕೊಳ್ಳೋಣ. ಗೂಗಲ್ ಫಾರ್ಮ್‌ನಲ್ಲಿ ನೋಂದಣಿ, ವಾಟ್ಸಾಪ್‌ನಲ್ಲಿ ಸೂಚನೆ, ಬಾಡಿಗೆಗೆ ಕರೆಸಿದ ಫೋಟೊಗ್ರಾಫರ್, ವರ್ಷದ ಕೊನೆಗೆ ಸಂಘದ ಸ್ಮರಣ ಸಂಚಿಕೆ. ಊರೂರಿನಲ್ಲೂ ಕಾರ್ಯಕ್ರಮ ಹೀಗೆಯೇ ನಡೆಯುತ್ತದೆ.

ಒಪ್ಪಿಗೆ ಎಂದರೆ ಯಾವುದು

ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಗೆ ಕಟ್ಟುಬಿದ್ದಿರಬಾರದು, ಸಂದೇಹಕ್ಕೆ ಎಡೆಯಿಲ್ಲದಂತೆ ಕ್ರಿಯೆಯ ಮೂಲಕ ವ್ಯಕ್ತವಾಗಿರಬೇಕು ಎನ್ನುತ್ತದೆ ಕಾಯ್ದೆ. ಹಾಗಾಗಿ ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ. ಬಾಗಿಲಲ್ಲಿ ತೂಗುಹಾಕಿದ ‘ಇಲ್ಲಿ ಫೋಟೊ ತೆಗೆಯಲಾಗುತ್ತದೆ’ ಎಂಬ ಫಲಕ ಮಾಹಿತಿ ಕೊಡುತ್ತದೆ, ಆದರೆ ಅದರಡಿ ನಡೆದುಬಂದವರೆಲ್ಲ ಒಪ್ಪಿದರು ಎಂದು ಅದೊಂದರಿಂದಲೇ ಸಾಬೀತಾಗುವುದಿಲ್ಲ. ವಿವಾದ ಎದ್ದಾಗ, ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆದಿದ್ದೆವು ಎಂದು ರುಜುವಾತು ಮಾಡುವ ಭಾರ ಸಂಘಟಕರದೇ.

ಒಪ್ಪಿಗೆ ಕೇಳುವ ಮುನ್ನ ತಿಳಿವಳಿಕೆ ಪತ್ರ ಕೊಡಬೇಕು. ಯಾವ ಯಾವ ಮಾಹಿತಿ, ಯಾವುದಕ್ಕಾಗಿ, ಒಪ್ಪಿಗೆ ಹಿಂಪಡೆಯುವುದು ಹೇಗೆ, ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವುದು ಹೇಗೆ ಎಂಬುದು ಅದರಲ್ಲಿ ಸರಳ ಭಾಷೆಯಲ್ಲಿರಬೇಕು, ಬೇರೆ ನಿಬಂಧನೆಗಳ ರಾಶಿಯೊಳಗೆ ಹೂತುಹೋಗಿರಬಾರದು. ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ.

ಕಮ್ಮಟದ ಫಾರ್ಮ್‌ನಲ್ಲಿ ಈ ಮಾತು ಹೀಗಿರಬಹುದು: ‘ನಿಮ್ಮ ಮೊಬೈಲ್ ನಂಬರನ್ನು ಕಮ್ಮಟದ ಸ್ಥಳ, ವಸತಿ ಮತ್ತು ಪ್ರಮಾಣಪತ್ರದ ಸೂಚನೆ ಕಳಿಸಲು ಬಳಸುತ್ತೇವೆ. ಆಗಸ್ಟ್ 15ರ ನಂತರ ಬಳಸುವುದಿಲ್ಲ.’ ಇದರ ಕೆಳಗೆ ಎರಡು ಖಾಲಿ ಚೌಕಗಳು. ಒಂದರ ಎದುರು ‘ಮುಂದಿನ ವರ್ಷದ ಕಮ್ಮಟದ ಆಹ್ವಾನವನ್ನು ಈ ನಂಬರಿಗೆ ಕಳಿಸಬಹುದು’, ಇನ್ನೊಂದರ ಎದುರು ‘ನನ್ನ ಗುರುತು ಸಿಗುವ ಫೋಟೊವನ್ನು ಸ್ಮರಣ ಸಂಚಿಕೆಯಲ್ಲಿ ಮತ್ತು ಸಂಘದ ಜಾಲತಾಣದಲ್ಲಿ ಹಾಕಬಹುದು’. ಎರಡಕ್ಕೂ ಟಿಕ್ ಹಾಕದವರಿಗೂ ಕಮ್ಮಟದಲ್ಲಿ ಸೀಟು ಸಿಗಬೇಕು. ಫೋಟೊಗೆ ಒಪ್ಪದವರಿಗೆ ಬೇರೆ ಬಣ್ಣದ ಕೊರಳ ಪಟ್ಟಿ ಕೊಟ್ಟರೆ ಫೋಟೊಗ್ರಾಫರ್‌ಗೆ ದೂರದಿಂದಲೇ ತಿಳಿಯುತ್ತದೆ.

ಅಗತ್ಯಕ್ಕಿಂತ ಹೆಚ್ಚು ಕೇಳಿದರೆ, ಒಪ್ಪಿಗೆ ಸಿಕ್ಕರೂ ಪ್ರಯೋಜನವಿಲ್ಲ. ಉದ್ದೇಶಕ್ಕೆ ಬೇಕಾದಷ್ಟಕ್ಕೆ ಮಾತ್ರ ಒಪ್ಪಿಗೆ ಊರ್ಜಿತ. ಕಥೆ ಬರೆಯಲು ಬರುವವರ ಆಧಾರ್ ಪ್ರತಿ, ಜನ್ಮದಿನಾಂಕ, ಮನೆಯ ವಿಳಾಸ ಸಂಘಕ್ಕೆ ಬೇಕಿಲ್ಲ. ಹದಿನೆಂಟು ತುಂಬಿದೆಯೇ ಎಂಬ ಪ್ರಶ್ನೆ ಮಾತ್ರ ಬೇಕು. ಏಕೆಂದರೆ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರೆಲ್ಲ ಮಕ್ಕಳು. ಪಿಯುಸಿ ಓದುವ ಹದಿನೇಳರ ಹುಡುಗಿಯ ಪರವಾಗಿ ತಂದೆ ಅಥವಾ ತಾಯಿ ಒಪ್ಪಬೇಕು, ಹಾಗೆ ಒಪ್ಪಿದವರು ವಯಸ್ಕ ಪೋಷಕರೇ ಎಂಬುದನ್ನು ಪರಿಶೀಲಿಸಬೇಕು.

ಸೋರುವ ಜಾಗಗಳು

ಮಾಹಿತಿ ಹೊರಹೋಗುವುದು ಹೆಚ್ಚಾಗಿ ಮಾಮೂಲಿ ಸೆಟ್ಟಿಂಗ್‌ಗಳಿಂದ. ಗೂಗಲ್ ಫಾರ್ಮ್‌ನಲ್ಲಿ View results summary ಆನ್ ಆಗಿದ್ದರೆ, ಫಾರ್ಮ್ ತುಂಬಿದವರಿಗೆ ಬೇರೆಯವರ ಉತ್ತರಗಳೂ ಕಾಣುತ್ತವೆ. ನಂಬರುಗಳಿರುವ ಶೀಟ್ Anyone with the link ಎಂದಿದ್ದರೆ, ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದರೂ ತೆರೆಯಬಹುದು. ಸಂಘದವರದಲ್ಲದ, ಖಾಸಗಿ ಕಿಟಕಿಯಲ್ಲಿ ತೆರೆದ ಬ್ರೌಸರ್‌ನಿಂದ ಆ ಲಿಂಕ್ ಒತ್ತಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಲಾಗಿನ್ ಕೇಳದೆ ಶೀಟ್ ತೆರೆದರೆ ಬಾಗಿಲು ತೆರೆದಿದೆ ಎಂದೇ ಅರ್ಥ.

ವಾಟ್ಸಾಪ್ ಗ್ರೂಪ್‌ಗೆ ಸೇರಿಸುವುದೆಂದರೆ ಅರವತ್ತು ಜನರ ನಂಬರನ್ನು ಪರಸ್ಪರ ಹಂಚುವುದು. ಫಾರ್ಮ್‌ನಲ್ಲಿ ಹೇಳಿದ್ದು ‘ಸೂಚನೆ ಕಳಿಸಲು’ ಎಂದಷ್ಟೇ ಆಗಿದ್ದರೆ ಹಾಗೆ ಹಂಚುವಂತಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಸಂಘದ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದರ ಸಂದೇಶ ತಲುಪುತ್ತದೆ, ಆದ್ದರಿಂದ ಮೊದಲೇ ಸೇವ್ ಮಾಡಿಕೊಳ್ಳಲು ಹೇಳಬೇಕಾಗುತ್ತದೆ.

ಫೋಟೊ ಕಡತದೊಳಗೆ ಚಿತ್ರವಷ್ಟೇ ಇರುವುದಿಲ್ಲ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಸಮಯದ ಜೊತೆ ಜಾಗದ ಅಕ್ಷಾಂಶ, ರೇಖಾಂಶವೂ ಸೇರಿಕೊಳ್ಳುತ್ತದೆ. ಜಾಲತಾಣಕ್ಕೆ ಏರಿಸುವ ಮುನ್ನ ಅದನ್ನು ತೆಗೆಯಬೇಕು. ಇನ್ನು ಫೋಟೊಗ್ರಾಫರ್ ಕೆಲಸ ಮಾಡುವುದು ಸಂಘದ ಪರವಾಗಿ. ಅವರಿಂದಾಗುವ ತಪ್ಪಿಗೂ ಸಂಘವೇ ಉತ್ತರ ಹೇಳಬೇಕು. ಹಾಗಾಗಿ ಎಲ್ಲ ಫೋಟೊ ಒಪ್ಪಿಸಿದ ಮೇಲೆ ತಮ್ಮ ಮೆಮೊರಿ ಕಾರ್ಡ್ ಮತ್ತು ಲ್ಯಾಪ್‌ಟಾಪ್‌ನಿಂದ ಅಳಿಸಬೇಕು, ಒಂದನ್ನೂ ತಮ್ಮ ಇನ್‌ಸ್ಟಾಗ್ರಾಂಗೆ ಹಾಕಿಕೊಳ್ಳಬಾರದು ಎಂಬುದು ಲಿಖಿತ ಕರಾರಿನಲ್ಲಿರಬೇಕು.

ಪಟ್ಟಿ ಕೈತಪ್ಪಿ ಬೇರೆ ಗ್ರೂಪ್‌ಗೆ ಹೋದರೂ ಅದು ಕಾಯ್ದೆಯ ಲೆಕ್ಕದಲ್ಲಿ ಉಲ್ಲಂಘನೆ. ಹೊರಗೆ ಹೋದದ್ದು ಕೆಲವೇ ನಂಬರು ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ. ಏನಾಯಿತು, ಅದರಿಂದ ಏನಾಗಬಹುದು, ಏನು ಎಚ್ಚರ ವಹಿಸಬೇಕು, ಯಾರನ್ನು ಕೇಳಬೇಕು ಎಂಬುದನ್ನು ಸಂಬಂಧಪಟ್ಟ ಪ್ರತಿಯೊಬ್ಬರಿಗೂ ವಿಳಂಬವಿಲ್ಲದೆ ತಿಳಿಸಬೇಕು. ಮಂಡಳಿಗೂ ಕೂಡಲೇ ತಿಳಿಸಿ, 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ತಕ್ಕ ಭದ್ರತೆ ಇಡದೆ ಹೀಗಾಯಿತೆಂದು ಸಾಬೀತಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ತಪ್ಪಿನ ಗಾಂಭೀರ್ಯ, ಅವಧಿ, ಸರಿಪಡಿಸಲು ಮಾಡಿದ ಪ್ರಯತ್ನಗಳನ್ನು ನೋಡಿ ಮಂಡಳಿ ಮೊತ್ತವನ್ನು ನಿರ್ಧರಿಸುತ್ತದೆ.

ಎರಡು ತಾರೀಖುಗಳು

ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಗೆ ಕಾಯ್ದೆ ಕೊಡುವ ಉತ್ತರ: ಉದ್ದೇಶ ಈಡೇರುವ ತನಕ, ಇಲ್ಲವೇ ಒಪ್ಪಿಗೆ ಹಿಂಪಡೆಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ. ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ ಆಮೇಲೆ ಅಳಿಸಬೇಕು. ಆದರೆ 2025ರ ನಿಯಮಗಳಲ್ಲಿ ಇದಕ್ಕೊಂದು ತಿರುವು ಇದೆ. ಮಾಹಿತಿಯನ್ನೂ ಅದರ ಬಳಕೆಯ ದಾಖಲೆಗಳನ್ನೂ ಬಳಸಿದ ದಿನದಿಂದ ಕನಿಷ್ಠ ಒಂದು ವರ್ಷ ಉಳಿಸಿಕೊಂಡು, ಆಮೇಲೆ ಅಳಿಸಬೇಕು ಎನ್ನುತ್ತವೆ ಅವು. ಹೀಗೆ ಉಳಿಸುವುದು ದೇಶದ ಭದ್ರತೆಯಂಥ ನಿಗದಿತ ಸರ್ಕಾರಿ ಅಗತ್ಯಗಳಿಗಾಗಿ ಮಾತ್ರ. ಸಂಘ ಆ ವರ್ಷವಿಡೀ ನಂಬರನ್ನು ತನ್ನ ಕೆಲಸಕ್ಕೆ ಬಳಸಬಹುದು ಎಂದು ಇದರ ಅರ್ಥವಲ್ಲ.

ಆದ್ದರಿಂದ ಪ್ರತಿ ಉದ್ದೇಶಕ್ಕೂ ಎರಡು ತಾರೀಖು ಬರೆದಿಡಬೇಕಾಗುತ್ತದೆ: ಬಳಕೆ ನಿಲ್ಲಿಸುವ ದಿನ ಮತ್ತು ಅಳಿಸುವ ದಿನ. ಕಮ್ಮಟದ ಸೂಚನೆಗೆ ಪಡೆದ ನಂಬರುಗಳ ಬಳಕೆ 2027ರ ಆಗಸ್ಟ್ 15ಕ್ಕೆ ಮುಗಿಯುತ್ತದೆ. ಅಂದು ಪಟ್ಟಿಯನ್ನು ಒಬ್ಬ ಪದಾಧಿಕಾರಿಗೆ ಮಾತ್ರ ತೆರೆಯಲಾಗುವ, ಪಾಸ್‌ವರ್ಡ್ ಇರುವ ಕಡತಕ್ಕೆ ಸರಿಸಿ, ಸ್ವಯಂಸೇವಕರ ಮೊಬೈಲುಗಳಲ್ಲಿರುವ ಪ್ರತಿಗಳನ್ನು ತೆಗೆಸಬೇಕು. ಕೊನೆಯ ಬಳಕೆಯಿಂದ ವರ್ಷ ತುಂಬಿದ ಮೇಲೆ, 2028ರ ಆಗಸ್ಟ್ 16ರಂದು, ಆ ಕಡತವನ್ನೂ ಅಳಿಸಬೇಕು. ಮುಂದಿನ ಆಹ್ವಾನಕ್ಕೆ ಒಪ್ಪಿದವರ ನಂಬರುಗಳು ಬೇರೆ ಪಟ್ಟಿಯಲ್ಲಿರುತ್ತವೆ. ಮುಂದಿನ ಕಮ್ಮಟದ ಆಹ್ವಾನ ಹೋದ ದಿನ ಆ ಉದ್ದೇಶ ಮುಗಿಯುತ್ತದೆ, ಅಲ್ಲಿಂದ ಅವುಗಳ ಒಂದು ವರ್ಷದ ಎಣಿಕೆ ಶುರುವಾಗುತ್ತದೆ.

ಫೋಟೊಗಳ ಲೆಕ್ಕ ಸ್ವಲ್ಪ ಬೇರೆ. ಸಂಚಿಕೆಗೆ ಆಯ್ಕೆಯಾಗದವುಗಳ ಉದ್ದೇಶ ಆಯ್ಕೆಯ ದಿನವೇ ಮುಗಿಯುತ್ತದೆ, ಅವು ಮುಚ್ಚಿದ ಫೋಲ್ಡರ್‌ಗೆ ಹೋಗಬೇಕು. ಅಚ್ಚಾದ ಸಂಚಿಕೆಯನ್ನು ಮನೆಮನೆಯಿಂದ ವಾಪಸ್ ತರಿಸಬೇಕಿಲ್ಲ, ಒಪ್ಪಿಗೆ ಹಿಂಪಡೆಯುವ ಮುನ್ನ ನಡೆದ ಬಳಕೆ ಕಾನೂನುಬದ್ಧವಾಗಿಯೇ ಉಳಿಯುತ್ತದೆ. ಆದರೆ ಜಾಲತಾಣದಲ್ಲಿ ಪ್ರಕಟಣೆ ಪ್ರತಿದಿನವೂ ಮುಂದುವರಿಯುತ್ತಿರುತ್ತದೆ. ಆದ್ದರಿಂದ ‘ನನ್ನ ಫೋಟೊ ತೆಗೆಯಿರಿ’ ಎಂಬ ಕೋರಿಕೆ ಬಂದರೆ ಸಕಾಲದಲ್ಲಿ ತೆಗೆಯಲೇಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವಿತ್ತೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಒಂದು ಟಿಕ್‌ನಿಂದ ಪಡೆದ ಒಪ್ಪಿಗೆಯನ್ನು ಬಿಡಿಸಿಕೊಳ್ಳಲು ಕಚೇರಿಗೆ ಬಂದು ಅರ್ಜಿ ಕೊಡಿ ಎನ್ನುವಂತಿಲ್ಲ.

ಅಳಿಸುವಾಗ ಮರೆತುಹೋಗುವುದು ಪ್ರತಿಗಳು. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ ಮೂವತ್ತು ದಿನ Trashನಲ್ಲಿ ಉಳಿದಿರುತ್ತದೆ, ಅದನ್ನೂ ಖಾಲಿ ಮಾಡಬೇಕು. ಶೀಟ್ ಅಳಿಸಿದರೂ ಫಾರ್ಮ್‌ನೊಳಗೆ ಉತ್ತರಗಳು ಹಾಗೆಯೇ ಇರುತ್ತವೆ. ಸ್ವಾಗತ ಮೇಜಿನ ಮೇಲಿದ್ದ ಮುದ್ರಿತ ಪಟ್ಟಿಗೆ ಕಾಯ್ದೆ ಅನ್ವಯಿಸದಿದ್ದರೂ ಅದನ್ನು ರದ್ದಿಗೆ ಹಾಕದೆ ಹರಿದುಹಾಕುವುದು ಕ್ಷೇಮ.

ಹಿಂದಿನ ವರ್ಷಗಳ ಕಮ್ಮಟಗಳಿಂದ ಸಂಘದ ಬಳಿ ಉಳಿದಿರುವ ಪಟ್ಟಿಗಳಿಗೂ ದಾರಿ ಇದೆ. ಕಾಯ್ದೆ ಜಾರಿಗೆ ಬರುವ ಮೊದಲೇ ಒಪ್ಪಿಗೆ ಕೊಟ್ಟಿದ್ದವರಿಗೆ ಆದಷ್ಟು ಬೇಗ ತಿಳಿವಳಿಕೆ ಪತ್ರ ಕಳಿಸಬೇಕು. ಅವರು ಬೇಡ ಎನ್ನುವ ತನಕ ಒಪ್ಪಿದ್ದ ಉದ್ದೇಶಕ್ಕೆ ಬಳಸಬಹುದು. ಯಾವುದಕ್ಕೆ ಪಡೆದದ್ದೆಂದು ಯಾರಿಗೂ ನೆನಪಿಲ್ಲದ ನಂಬರುಗಳಿಗೆ ಈ ಅವಕಾಶವಿಲ್ಲ. ಅವುಗಳ ಬಳಕೆಯನ್ನು ನಿಲ್ಲಿಸಿ, ಅಳಿಸುವ ದಿನವನ್ನು ಗೊತ್ತುಮಾಡಬೇಕು.