ಹೋದ ನೀರು ಎಷ್ಟು ದಿನಕ್ಕೆ ಬರುತ್ತದೆ?

ಮಾರ್ಚ್ 22 ವಿಶ್ವ ಜಲ ದಿನ. ಅಂದು ಅನೇಕ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ವಾರ್ತೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ನಿಲ್ಲುತ್ತಾನೆ. ಸಮುದ್ರದ ನೀರು ಬಿಸಿಲಿಗೆ ಆವಿಯಾಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಸುರಿದು ಮತ್ತೆ ಸಮುದ್ರ ಸೇರುತ್ತದೆ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಕೊನೆಗೆ, 'ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ' ಎಂದು ಕೈ ಮುಗಿಯುತ್ತಾನೆ.

ಆ 'ಆದ್ದರಿಂದ' ನಿಲ್ಲುವುದಿಲ್ಲ. ಹೋದ ನೀರೆಲ್ಲ ಮಳೆಯಾಗಿ ಮರಳುವುದಾದರೆ ಉಳಿಸುವುದು ಯಾಕೆ? ಸಾಲಿನಲ್ಲಿ ನಿಂತು ಗಮನವಿಟ್ಟು ಕೇಳಿದ ಯಾವ ಮಗುವಿಗಾದರೂ ಈ ಅನುಮಾನ ಬರಬೇಕು. ಇದಕ್ಕೆ ಉತ್ತರ ಕೊಡುವ ಭಾಷಣವೇ ಜಲಚಕ್ರವನ್ನು ನಿಜವಾಗಿ ವಿವರಿಸಿದ ಭಾಷಣ.

ಉತ್ತರ ಇರುವುದು ಚಕ್ರದ ವೇಗದಲ್ಲಿ. ಆವಿಯಾಗಿ ಮೇಲೇರಿದ ನೀರು ಗಾಳಿಯಲ್ಲಿ ಉಳಿಯುವುದು ಸರಾಸರಿ ಒಂಬತ್ತು ಹತ್ತು ದಿನ ಮಾತ್ರ. ಅಷ್ಟರಲ್ಲಿ ಎಲ್ಲೋ ಮಳೆಯಾಗಿ ಇಳಿದಿರುತ್ತದೆ. ಅದೇ ನೀರು ಮಣ್ಣಿನೊಳಗೆ ಇಂಗಿ ಕಲ್ಲಿನ ಬಿರುಕು ಹೊಕ್ಕರೆ, ಅಲ್ಲಿ ಹತ್ತಾರು ವರ್ಷ, ಕೆಲವು ಕಡೆ ಸಾವಿರಾರು ವರ್ಷ ನಿಂತಿರಬಹುದು. ಚಕ್ರ ಒಂದೇ, ಆದರೆ ಅದರ ಒಂದು ಭಾಗ ಓಡುತ್ತದೆ, ಇನ್ನೊಂದು ತೆವಳುತ್ತದೆ. ಮನುಷ್ಯ ತೆವಳುವ ಭಾಗದಿಂದ ಓಡುವ ವೇಗದಲ್ಲಿ ನೀರೆತ್ತಿದಾಗ ಕೊರತೆ ಹುಟ್ಟುತ್ತದೆ.

ಕೋಲಾರ ಜಿಲ್ಲೆಯ ಮಕ್ಕಳಿಗೆ ಇದನ್ನು ಪಾಠದಲ್ಲಿ ಹುಡುಕಬೇಕಿಲ್ಲ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ಅಜ್ಜಂದಿರ ಕಾಲದಲ್ಲಿ ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ನೀರಿತ್ತು. ಈಗ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆದರೂ ನೀರು ಸಿಕ್ಕುವ ಭರವಸೆಯಿಲ್ಲ. ಅಲ್ಲಿನ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಸವೆದ ಪದರ ಮಾತ್ರ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಅದರ ಕೆಳಗೆ ನೀರಿರುವುದು ಸಣ್ಣ ಬಿರುಕುಗಳಲ್ಲಷ್ಟೆ. ಇಂಥ ನೆಲದಲ್ಲಿ ಸುರಿದ ಮಳೆಯಲ್ಲಿ ಆಳಕ್ಕೆ ಇಳಿಯುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಜೊತೆಗೆ, ಬಹುಕಾಲ ಕಲ್ಲಿನ ಸಂಗದಲ್ಲಿದ್ದ ನೀರಿಗೆ ಫ್ಲೋರೈಡ್ ಸೇರಿಕೊಳ್ಳುತ್ತದೆ. ಹಲ್ಲಿನ ಮೇಲೆ ಕಂದು ಗೆರೆ ಮೂಡುವುದು ಅದರ ಒಂದು ಗುರುತು.

ಹಾಗಾದರೆ ನಾಲ್ಕು ನಿಮಿಷದ ಭಾಷಣದಲ್ಲಿ ಏನಿರಬೇಕು? ಮೊದಲು ಕಣ್ಣಿಗೆ ಕಾಣುವ ಒಂದು ವಸ್ತು. ಹಿಂದಿನ ದಿನ ಬಿಸಿಲೇರುವ ಮೊದಲು ಶಾಲೆಯ ಬೇವಿನ ಮರದ ಎಲೆಗೊಂಬೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿ ಬಿಗಿಯಾಗಿ ಕಟ್ಟಿದರೆ, ಮಧ್ಯಾಹ್ನದ ಹೊತ್ತಿಗೆ ಒಳಗೆ ಹನಿಗಳು ಕೂಡಿರುತ್ತವೆ. ಮರುದಿನ ಆ ಚೀಲವನ್ನು ಎತ್ತಿ ಹಿಡಿದರೆ ಸಾಕು, ಆವಿ ಸಮುದ್ರದಿಂದಷ್ಟೇ ಅಲ್ಲ, ಎಲೆಯಿಂದಲೂ ಏಳುತ್ತದೆಂದು ಒಂದನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಮೋಡವೇ ಆವಿ ಎಂಬ ತಪ್ಪನ್ನೂ ಇಲ್ಲೇ ತಿದ್ದಬಹುದು. ಆವಿ ಕಣ್ಣಿಗೆ ಕಾಣುವುದಿಲ್ಲ. ಅದು ತಣಿದು ಹನಿಯಾದಾಗಲೇ ಚೀಲದಲ್ಲೂ ಆಕಾಶದಲ್ಲೂ ಕಾಣುವುದು.

ಆಮೇಲೆ ಶಾಲೆಯದೇ ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಶಾಲೆಯ ತಾರಸಿ 20 ಮೀಟರ್ ಉದ್ದ, 10 ಮೀಟರ್ ಅಗಲ ಇದೆ ಎನ್ನೋಣ. ಅದು 200 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವುದು 1,40,000 ಲೀಟರ್. ಸೋರಿದ್ದು, ಆರಿದ್ದು, ಧೂಳಿನೊಡನೆ ಹೊರಬಿಟ್ಟ ಮೊದಲ ಮಳೆಯ ನೀರು ಎಂದು ಐದರಲ್ಲೊಂದು ಪಾಲು ಕಳೆದರೂ 1,12,000 ಲೀಟರ್ ಉಳಿಯುತ್ತದೆ. ದಿನಕ್ಕೆ ಎರಡು ಲೀಟರ್ ಕುಡಿಯುವ 200 ಮಕ್ಕಳಿಗೆ 220 ಶಾಲಾದಿನಗಳಲ್ಲಿ ಬೇಕಾಗುವುದು 88,000 ಲೀಟರ್.

ಲೆಕ್ಕ ಹೇಳುವವರು ಅದರ ಮಿತಿಯನ್ನೂ ಹೇಳಬೇಕು. ಮಳೆ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ, ಹೆಚ್ಚು ಪಾಲು ಕೆಲವೇ ತಿಂಗಳಲ್ಲಿ ಸುರಿದುಬಿಡುತ್ತದೆ. 10,000 ಲೀಟರಿನ ತೊಟ್ಟಿ ಈ ತಾರಸಿಯಲ್ಲಿ ಕೆಲವು ಒಳ್ಳೆಯ ಮಳೆಗೇ ತುಂಬಿ ತುಳುಕುತ್ತದೆ. ತುಳುಕಿದ್ದನ್ನು ಚರಂಡಿಗೆ ಬಿಡದೆ ಜಲ್ಲಿ, ಮರಳು ತುಂಬಿದ ಇಂಗುಗುಂಡಿಗೆ ಹರಿಸಿದರೆ ತೆವಳುವ ಭಾಗಕ್ಕೆ ಒಂದಿಷ್ಟು ಮರುಪಾವತಿಯಾಗುತ್ತದೆ. ಮಳೆ ನಿಂತು ಎರಡು ದಿನವಾದರೂ ಗುಂಡಿಯಲ್ಲಿ ನೀರು ನಿಂತೇ ಇದ್ದರೆ ಹೂಳು ಕಟ್ಟಿದೆ ಎಂದರ್ಥ. ಮೇಲಿನ ಮರಳನ್ನು ತೆಗೆದು ತೊಳೆಯಬೇಕು.

ನಲ್ಲಿಯ ಮಾತಿನಲ್ಲೂ ಉತ್ಪ್ರೇಕ್ಷೆ ಬೇಡ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ನಾಲ್ಕು ಲೀಟರಿಗೆ ತುಸು ಹೆಚ್ಚು. ನಲ್ಲಿಯಡಿ ಅಳತೆಯ ಪಾತ್ರೆ ಇಟ್ಟು ಮಕ್ಕಳೇ ಅಳೆಯಲಿ, ತಮ್ಮ ಸಂಖ್ಯೆಯನ್ನೇ ಮೈಕಿನಲ್ಲಿ ಹೇಳಲಿ.

ಈ ಸಲ ಭಾಷಣ ಬರೆದುಕೊಡಲು ಕೂರುವ ಮೇಷ್ಟ್ರು ಪೆನ್ನಿಗಿಂತ ಮೊದಲು ಅಳತೆಯ ಟೇಪು ಹಿಡಿಯಲಿ, ಮಾತನಾಡುವ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ತಾರಸಿ ಹತ್ತಲಿ.