ಹಳೆಯ ನೆತ್ತಿ ದಾಟಿದ ಮೇಲೆ ಎಲ್ಲಿ ಮಾರುವುದು?

ಷೇರು ಯಾವಾಗ ಕೊಳ್ಳಬೇಕು ಎಂದು ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಕೊಂಡದ್ದನ್ನು ಯಾವ ಬೆಲೆಗೆ ಬಿಟ್ಟುಕೊಡಬೇಕು ಎಂದು ಕೇಳಿದರೆ ಹೆಚ್ಚಿನವರು ಮಾತು ತಪ್ಪಿಸುತ್ತಾರೆ. ಬೆಲೆ ಹಿಂದಿನ ಏರಿಕೆಯ ನೆತ್ತಿಗಿಂತ ಕೆಳಗಿರುವವರೆಗೆ ಉತ್ತರ ಸುಲಭ: ಆ ನೆತ್ತಿಯೇ ಗುರಿ. ತೊಡಕು ಶುರುವಾಗುವುದು ಅದನ್ನು ದಾಟಿದ ಮೇಲೆ. ಚಾರ್ಟ್ ನೋಡಿ ವ್ಯವಹಾರ ಮಾಡುವವರು ಅಲ್ಲಿ ಕೈಗೆತ್ತಿಕೊಳ್ಳುವ ಅಳತೆಗೋಲೇ ಫಿಬೊನಾಚಿ ಎಕ್ಸ್‌ಟೆನ್ಷನ್.

ಲೆಕ್ಕ ಸರಳ. ಬೆಲೆ ಒಂದು ತಳದಿಂದ ಎದ್ದು ಒಂದು ನೆತ್ತಿ ಮುಟ್ಟುತ್ತದೆ, ಅಲ್ಲಿಂದ ಸ್ವಲ್ಪ ಇಳಿದು ಮತ್ತೆ ಏರಲು ತೊಡಗುತ್ತದೆ. ಮೊದಲ ಏರಿಕೆ ಎಷ್ಟು ಉದ್ದವಿತ್ತೋ ಅದನ್ನು ಅಳೆದು 1, 1.272, 1.618 ಎಂಬ ಅನುಪಾತಗಳಿಂದ ಗುಣಿಸಿ, ಬಂದದ್ದನ್ನು ಎರಡನೆಯ ತಳಕ್ಕೆ ಕೂಡಿಸಿದರೆ ಮುಂದಿನ ಏರಿಕೆಯ ಗುರಿಗಳು ಸಿಗುತ್ತವೆ. 1.618 ಎಂಬುದು ಫಿಬೊನಾಚಿ ಶ್ರೇಣಿಯಲ್ಲಿ ಅಕ್ಕಪಕ್ಕದ ಸಂಖ್ಯೆಗಳನ್ನು ಭಾಗಿಸುತ್ತ ಹೋದಾಗ ಹತ್ತಿರವಾಗುವ ಅನುಪಾತ, 1.272 ಅದರ ವರ್ಗಮೂಲ. ಷೇರುಗಳ ಬೆಲೆ ಈ ಸಂಖ್ಯೆಗಳಿಗೆ ಬದ್ಧವಾಗಿರಬೇಕೆಂಬ ನಿಯಮ ಪ್ರಕೃತಿಯಲ್ಲೂ ಇಲ್ಲ, ಅರ್ಥಶಾಸ್ತ್ರದಲ್ಲೂ ಇಲ್ಲ. ಸಾವಿರಾರು ಜನ ಒಂದೇ ಗೆರೆಗಳನ್ನು ನೋಡುತ್ತಾರೆ ಎಂಬುದಷ್ಟೇ ಅವುಗಳಿಗಿರುವ ಬಲ. ಆದ್ದರಿಂದಲೇ ಈ ಗೆರೆಗಳನ್ನು ಒಂಟಿಯಾಗಿ ನಂಬಬಾರದು, ಹತ್ತಿರದ ರೆಸಿಸ್ಟೆನ್ಸ್ ಜೊತೆ ತಾಳೆ ನೋಡಬೇಕು.

ತಾಳೆ ನೋಡುವ ಬಗೆಯನ್ನು 2020ರ ನಿಫ್ಟಿಯಲ್ಲಿ ನೋಡೋಣ. ಕೋವಿಡ್ ಭೀತಿಯಲ್ಲಿ ಕುಸಿದ ಸೂಚ್ಯಂಕ ಮಾರ್ಚ್ 24ರಂದು 7,511 ಮುಟ್ಟಿತು. ಅಲ್ಲಿಂದ ಎದ್ದು ಏಪ್ರಿಲ್ 30ರಂದು 9,889ಕ್ಕೆ ಹೋಯಿತು. ಮೇ ಮಧ್ಯದಲ್ಲಿ ಮತ್ತೆ 8,807ಕ್ಕೆ ಇಳಿಯಿತು. ನಮಗೆ ಬೇಕಾದ ಮೂರು ಬಿಂದುಗಳು ಇವೇ. ಮೊದಲ ಏರಿಕೆಯ ಉದ್ದ 2,378 ಅಂಶ. ಅದನ್ನು ಹಾಗೆಯೇ 8,807ಕ್ಕೆ ಕೂಡಿಸಿದರೆ 11,185. 1.272ರಿಂದ ಗುಣಿಸಿ ಕೂಡಿಸಿದರೆ 11,832. 1.618ರಿಂದ ಗುಣಿಸಿದರೆ 12,655. ಜೂನ್ ಮೊದಲ ವಾರ ಸೂಚ್ಯಂಕ 9,900 ದಾಟಿದಾಗ, ಅಂದರೆ ಹಿಂದಿನ ನೆತ್ತಿಯನ್ನು ಮುರಿದಾಗ, ಚಾರ್ಟ್ ಮೇಲೆ ಈ ಮೂರು ಗೆರೆಗಳು ಸಿದ್ಧವಾಗಿದ್ದವು.

ಈಗ ಕಣ್ಣನ್ನು ಚಾರ್ಟಿನ ಎಡಕ್ಕೆ ಹೊರಳಿಸಬೇಕು. ಇದೇ ಎತ್ತರದಲ್ಲಿ ಮೊದಲು ಏನಾಗಿತ್ತು? ಫೆಬ್ರುವರಿ 28ರಂದು ಮಾರುಕಟ್ಟೆ ಹಿಂದಿನ ದಿನದ ಮಟ್ಟಕ್ಕಿಂತ ಬಹಳ ಕೆಳಗೆ ತೆರೆದಿತ್ತು. ಸುಮಾರು 11,385ರಿಂದ 11,535ರವರೆಗೆ ಯಾರೂ ವ್ಯವಹಾರ ಮಾಡದ ಖಾಲಿ ಜಾಗ, ಅಂದರೆ ಗ್ಯಾಪ್, ಉಳಿದಿತ್ತು. ಮಾರ್ಚ್ ಮೊದಲ ವಾರ ಮೇಲೇಳಲು ಮಾಡಿದ ಹೆಚ್ಚಿನ ಪ್ರಯತ್ನಗಳು 11,350ರ ಸುತ್ತಮುತ್ತಲೇ ಸೋತಿದ್ದವು. ಅಂದರೆ 11,340ರಿಂದ 11,535ರವರೆಗೆ ಒಂದು ಪಟ್ಟಿ. ಅದಕ್ಕೂ ಮೇಲೆ, ಜನವರಿ 20ರ ಸಾರ್ವಕಾಲಿಕ ದಾಖಲೆ: 12,430.

ಆ ಪಟ್ಟಿಗೆ ಎಕ್ಸ್‌ಟೆನ್ಷನ್ ಗೆರೆಗಳಿಗಿಲ್ಲದ ಒಂದು ಗುಣವಿದೆ. ಅಲ್ಲಿ ನಿಜವಾದ ಮನುಷ್ಯರಿದ್ದಾರೆ. ಫೆಬ್ರುವರಿಯಲ್ಲಿ ಆ ಮಟ್ಟದಲ್ಲಿ ಕೊಂಡು, ಒಂದೇ ತಿಂಗಳಲ್ಲಿ ಮೂರನೇ ಒಂದು ಭಾಗ ಕಳೆದುಕೊಂಡು ನಿದ್ದೆಗೆಟ್ಟವರು. ಅಸಲು ಬಂದರೆ ಸಾಕು, ಮಾರಿ ಕೈತೊಳೆದುಕೊಳ್ಳುತ್ತೇನೆ ಎಂದು ಕಾಯುತ್ತಿರುವವರು. ಬೆಲೆ ಅಲ್ಲಿಗೆ ಮರಳಿದಾಗ ಅವರೆಲ್ಲರ ಮಾರಾಟ ಒಟ್ಟಿಗೆ ಬೀಳುತ್ತದೆ. ನಿಫ್ಟಿಯನ್ನೇ ನೇರವಾಗಿ ಕೊಂಡವರು ಯಾರು ಎಂದು ಕೇಳಬಹುದು. ಅದರೊಳಗಿನ ಐವತ್ತು ಕಂಪನಿಗಳ ಷೇರು, ಇಂಡೆಕ್ಸ್ ಫಂಡ್, ಫ್ಯೂಚರ್ಸ್ ಹಿಡಿದವರೆಲ್ಲ ಸೇರಿ ಅದೇ ಕೆಲಸ ಮಾಡುತ್ತಾರೆ. ಆದ್ದರಿಂದ ಗೆರೆ ಮತ್ತು ಗೋಡೆ ಬೇರೆ ಬೇರೆ ಬೆಲೆ ತೋರಿಸಿದಾಗ ನಾನು ಗೋಡೆಯ ಪಕ್ಷ. ಎಕ್ಸ್‌ಟೆನ್ಷನ್ ದೂರವನ್ನು ಹೇಳುತ್ತದೆ, ಅಲ್ಲಿ ಬೆಲೆ ಏಕೆ ನಿಲ್ಲಬೇಕು ಎಂಬುದನ್ನು ಹೇಳುವುದಿಲ್ಲ.

2020ರ ಲೆಕ್ಕವನ್ನು ಈ ಕಣ್ಣಿನಿಂದ ನೋಡಿ. ಮೊದಲ ಗುರಿ 11,185 ಗೋಡೆಗಿಂತ ನೂರೈವತ್ತು ಅಂಶ ಕೆಳಗಿದೆ. ಎರಡನೆಯ ಗುರಿ 11,832 ಗೋಡೆಯಾಚೆ ಇದೆ. ಮೂರನೆಯದು, 12,655, ದಾಖಲೆಯ ನೆತ್ತಿಗಿಂತಲೂ ಮೇಲೆ. ಹಾಗಾದರೆ 11,832 ಎಂಬ ಆಕರ್ಷಕ ಸಂಖ್ಯೆಯನ್ನು ಇಡೀ ವ್ಯವಹಾರದ ಗುರಿ ಎಂದು ಬರೆದುಕೊಳ್ಳುವಂತಿಲ್ಲ. ಅಲ್ಲಿಗೆ ಹೋಗಲು ದಾರಿಯಲ್ಲಿ ಒಂದು ಗೋಡೆ ಒಡೆಯಬೇಕು. ಹಿಡಿದ ಪಾಲಿನಲ್ಲಿ ಅರ್ಧವನ್ನಾದರೂ ಗೋಡೆಗೆ ಮುಂಚೆ, ಅಂದರೆ 11,300ರ ಆಸುಪಾಸಿನಲ್ಲಿ, ಬಿಟ್ಟುಕೊಡಬೇಕು.

ಹಾಗೆ ಗುರಿ ಕೆಳಗೆ ಇಳಿಸಿದ ಕೂಡಲೇ ಲಾಭ–ನಷ್ಟದ ತಕ್ಕಡಿಯನ್ನು ಮತ್ತೆ ತೂಗಬೇಕು. ಬಹಳ ಜನ ಈ ಹೆಜ್ಜೆಯನ್ನೇ ಬಿಡುತ್ತಾರೆ. 9,900ಕ್ಕೆ ಕೊಂಡು, ಮೇ ತಿಂಗಳ ತಳದ ಕೆಳಗೆ 8,800ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಹೋಗಬಹುದಾದದ್ದು 1,100 ಅಂಶ. ಗುರಿ 11,832 ಆಗಿದ್ದರೆ ಬರಬಹುದಾದದ್ದು 1,932. ಒಂದು ರೂಪಾಯಿ ಅಪಾಯಕ್ಕೆ ಮುಕ್ಕಾಲು ಪಾಲು ಹೆಚ್ಚಿನ ಪ್ರತಿಫಲ. ಗುರಿಯನ್ನು 11,300ಕ್ಕೆ ಇಳಿಸಿದರೆ ಬರುವುದು 1,400 ಮಾತ್ರ, ಒಂದಕ್ಕೆ ಒಂದೂ ಕಾಲು. ಕನಿಷ್ಠ ಒಂದೂವರೆ ಬೇಕು ಎಂಬ ನಿಯಮ ಇಟ್ಟುಕೊಂಡವರು ಇಲ್ಲಿ ಕೊಳ್ಳದೆ ಸುಮ್ಮನಿರಬೇಕು. ಆದರೆ ಹೆಚ್ಚಿನವರು ಸುಮ್ಮನಿರುವುದಿಲ್ಲ. ಲೆಕ್ಕ ಚೆಂದ ಕಾಣಲಿ ಎಂದು ಸ್ಟಾಪ್‌ಲಾಸ್ ಮೇಲಕ್ಕೆ ತರುತ್ತಾರೆ. 9,600ಕ್ಕೆ ತಂದಿದ್ದರೆ ಕಾಗದದ ಮೇಲೆ ಅನುಪಾತ ಅದ್ಭುತವಾಗುತ್ತಿತ್ತು. ಜೂನ್ ಮಧ್ಯದಲ್ಲಿ ಸೂಚ್ಯಂಕ 9,550ರ ಕೆಳಗೆ ಜಾರಿದ ದಿನ ಅವರು ನಷ್ಟದೊಂದಿಗೆ ಹೊರಬೀಳುತ್ತಿದ್ದರು, ಆಮೇಲಿನ ಇಡೀ ಏರಿಕೆಯನ್ನು ದಡದಲ್ಲಿ ನಿಂತು ನೋಡುತ್ತಿದ್ದರು.

ಮುಂದೆ ಆದದ್ದು ಯಾವ ಸಿದ್ಧಾಂತಕ್ಕೂ ಪೂರ್ತಿ ಒಪ್ಪುವಂತಿಲ್ಲ. ಜುಲೈ ಕೊನೆಯ ವಾರ ನಿಫ್ಟಿ 11,185ರ ಗೆರೆಯನ್ನು ಲೆಕ್ಕಿಸದೆ ದಾಟಿತು, ಆದರೆ 11,341 ಮುಟ್ಟಿ ನಿಂತಿತು. ಗೋಡೆಯ ಕೆಳ ಅಂಚು ಅದೇ ಅಲ್ಲವೇ? ಅಲ್ಲಿಂದ ಆಗಸ್ಟ್ 3ರ ಹೊತ್ತಿಗೆ 10,900ರ ಕೆಳಗೆ ಬಂತು. ಈ ಸಲ ಗೆದ್ದದ್ದು ಗೋಡೆ. ಮತ್ತೆ ಎದ್ದು, ಗ್ಯಾಪ್ ತುಂಬಿ, ಆಗಸ್ಟ್ 31ರಂದು 11,794ರವರೆಗೆ ಹೋಯಿತು. ಅದೇ ದಿನ ಲಡಾಖ್ ಗಡಿಯ ಸುದ್ದಿಗೆ ಬೆಚ್ಚಿ ಕುಸಿಯಿತು. ಸೆಪ್ಟೆಂಬರ್ 24ಕ್ಕೆ 10,790ರ ಹತ್ತಿರ ಇತ್ತು. ಎರಡನೆಯ ಗೆರೆ 11,832. ಮುಟ್ಟಿದ್ದು ಅದಕ್ಕಿಂತ 38 ಅಂಶ ಕಡಿಮೆ. ಗೆರೆಯ ಮೇಲೆಯೇ ಸರಿಯಾಗಿ ಮಾರಾಟದ ಆರ್ಡರ್ ಹಾಕಿದವರ ಆರ್ಡರ್ ಈಡೇರಲಿಲ್ಲ, ಬಂದ ಲಾಭದಲ್ಲಿ ಸಾವಿರ ಅಂಶ ಕರಗಿತು. ಅನುಭವಿಗಳು ಗುರಿಗಿಂತ ತುಸು ಕೆಳಗೆ ಆರ್ಡರ್ ಇಡುವುದು ಇದಕ್ಕೇ. ಎಷ್ಟು ಕೆಳಗೆ ಎಂದರೆ, ಒಂದು ದಿನದ ಸಾಮಾನ್ಯ ಏರಿಳಿತದ ಅರ್ಧದಷ್ಟಾದರೂ. ಗೆರೆಯೂ ಗೋಡೆಯೂ ಒಂದೇ ಜಾಗದಲ್ಲಿವೆಯೇ ಎಂದು ತೀರ್ಮಾನಿಸುವುದಕ್ಕೂ ಅದೇ ಅಳತೆ ಸಾಕು: ಎರಡರ ನಡುವಿನ ದೂರ ಒಂದು ದಿನದ ಏರಿಳಿತಕ್ಕಿಂತ ಕಡಿಮೆಯಿದ್ದರೆ ಒಂದೇ ಎನ್ನಬಹುದು. ಹಾಗಿಲ್ಲದಿದ್ದರೆ ಬೇರೆ ಬೇರೆ.

ಇನ್ನು 12,430 ಎಂಬ ದಾಖಲೆಯ ಗೋಡೆ. ಎಲ್ಲರೂ ಕಾಯುತ್ತಿದ್ದ ಜಾಗ. ನವೆಂಬರ್ 9ರಂದು ನಿಫ್ಟಿ ಅದನ್ನು ದಾಟಿ 12,461ರಲ್ಲಿ ಮುಗಿಯಿತು, ಮರುದಿನವೂ ಏರಿತು, ಅದರ ಮರುದಿನ 12,655ರ ಗೆರೆಯನ್ನೂ ಹಿಂದೆ ಹಾಕಿತು. ಗೋಡೆಯೂ ಇಲ್ಲ, ಗೆರೆಯೂ ಇಲ್ಲ ಎಂಬಂತೆ. ಬಲವಾದ ಸುದ್ದಿ ಮತ್ತು ವಿದೇಶಿ ಹಣ ಒಟ್ಟಿಗೆ ಹರಿದು ಬಂದಾಗ ತಾಳೆ ನೋಡುವ ಈ ವಿಧಾನ ಕೈಕೊಡುತ್ತದೆ. ಅದಕ್ಕಾಗಿಯೇ ಪೂರ್ತಿ ಪಾಲನ್ನು ಮೊದಲ ಗುರಿಯಲ್ಲೇ ಮಾರದೆ, ಉಳಿದ ಅರ್ಧಕ್ಕೆ ಸ್ಟಾಪ್‌ಲಾಸನ್ನು ಹಂತಹಂತವಾಗಿ ಮೇಲೇರಿಸುತ್ತ ಹೋಗುವುದು ಜಾಣತನ.

ಇಲ್ಲಿ ಒಂದು ಎಚ್ಚರಿಕೆ. ಮೇಲಿನ ಲೆಕ್ಕದಲ್ಲಿ ನಾನು ದಿನದ ಅತಿ ಕೆಳಗಿನ, ಅತಿ ಮೇಲಿನ ಬೆಲೆಗಳನ್ನು ತೆಗೆದುಕೊಂಡೆ. ಬದಲಿಗೆ ದಿನದ ಮುಕ್ತಾಯದ ಬೆಲೆಗಳನ್ನು ತೆಗೆದುಕೊಂಡರೆ ತಳ 7,610, ನೆತ್ತಿ 9,860, ಎರಡನೆಯ ತಳ 8,823 ಆಗುತ್ತದೆ, ಎರಡನೆಯ ಗುರಿ 11,832ರ ಬದಲು 11,685ಕ್ಕೆ ಇಳಿಯುತ್ತದೆ. ಬಿಂದು ಆರಿಸುವ ರೀತಿಯೊಂದೇ ಗುರಿಯನ್ನು ಸುಮಾರು ನೂರೈವತ್ತು ಅಂಶ ಜರುಗಿಸಿತು. ಇದಕ್ಕೆ 1.414, 2, 2.618 ಎಂದು ಇನ್ನಷ್ಟು ಅನುಪಾತಗಳನ್ನು ಸೇರಿಸಿದರೆ ಚಾರ್ಟ್ ತುಂಬ ಗೆರೆಗಳೇ. ಬೆಲೆ ಎಲ್ಲಿ ತಿರುಗಿದರೂ ಪಕ್ಕದಲ್ಲೊಂದು ಗೆರೆ ಇದ್ದೇ ಇರುತ್ತದೆ, ಆಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಎನಿಸುತ್ತದೆ. ಮೋಸ ಹೋಗದಿರಲು ಇರುವ ದಾರಿ ಒಂದೇ: ಕೊಳ್ಳುವ ಮುನ್ನವೇ ಎರಡು ಮೂರು ಅನುಪಾತ, ಒಂದೇ ಬಗೆಯ ಬೆಲೆ ಆರಿಸಿಕೊಂಡು, ಸಂಖ್ಯೆಗಳನ್ನು ತಾರೀಖಿನೊಂದಿಗೆ ಬರೆದಿಡುವುದು. ಆಮೇಲೆ ಬಿಂದುಗಳನ್ನು ಎಳೆದಾಡುವಂತಿಲ್ಲ.

ಚಾರ್ಟ್ ಸಾಫ್ಟ್‌ವೇರ್‌ಗಳೂ ಗೊಂದಲ ಹೆಚ್ಚಿಸುತ್ತವೆ. ಟ್ರೇಡಿಂಗ್‌ವ್ಯೂನಲ್ಲಿ `Trend-Based Fib Extension` ಎಂಬ ಉಪಕರಣ ಮೂರು ಬಿಂದು ಕೇಳುತ್ತದೆ, ಮೇಲಿನ ಲೆಕ್ಕ ಅದರದೇ. `Fib Retracement` ಎರಡೇ ಬಿಂದು ಕೇಳುತ್ತದೆ. ಅದು ಒಂದು ಕುಸಿತದ ಉದ್ದವನ್ನು ಅಳೆದು, ಆ ಕುಸಿತದ ತಳದಿಂದಲೇ 1.272 ಮತ್ತು 1.618 ಪಟ್ಟು ಮೇಲಕ್ಕೆ ತೋರಿಸಬಲ್ಲದು. ಒಂದನ್ನು ಇನ್ನೊಂದು ಎಂದುಕೊಂಡರೆ ಗುರಿಗಳು ಎಲ್ಲಿಂದೆಲ್ಲಿಗೋ ಹೋಗುತ್ತವೆ.

ಎರಡು ಬಿಂದುಗಳ ಅಳತೆ ಉಪಯೋಗಕ್ಕೆ ಬರುವುದು ದಾಖಲೆಯ ನೆತ್ತಿ ಮುರಿದ ಮೇಲೆ, ಎಡಕ್ಕೆ ನೋಡಿದರೂ ಗೋಡೆಯೇ ಇಲ್ಲದಾಗ. 12,430ರಿಂದ 7,511ಕ್ಕೆ ಬಿದ್ದ ಕುಸಿತದ ಉದ್ದ 4,919. ಅದರ 1.272 ಪಟ್ಟನ್ನು ತಳಕ್ಕೆ ಕೂಡಿಸಿದರೆ 13,768. ಡಿಸೆಂಬರ್ 21ರಂದು ನಿಫ್ಟಿ 13,770ರ ಸುತ್ತಮುತ್ತ ಇದ್ದಾಗಲೇ ಬ್ರಿಟನ್ನಿನ ಹೊಸ ವೈರಾಣು ತಳಿಯ ಸುದ್ದಿ ಬಂದು ಒಂದೇ ದಿನ 432 ಅಂಶ ಬಿತ್ತು. ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಮೇಲೇರಿತು. 1.618 ಪಟ್ಟಿನ ಗುರಿ 15,470. 2021ರ ಫೆಬ್ರುವರಿ 16ರಂದು ನಿಫ್ಟಿ 15,432 ಮುಟ್ಟಿ ತಿರುಗಿ, ಏಪ್ರಿಲ್ ಹೊತ್ತಿಗೆ 14,200ರ ಆಸುಪಾಸಿಗೆ ಇಳಿಯಿತು. ಫೆಬ್ರುವರಿಯ ಆ ಗೆರೆ ನಂಬಿ ಅರ್ಧ ಮಾರಿದವರಿಗೆ ಎರಡು ತಿಂಗಳು ನೆಮ್ಮದಿ. ಎಲ್ಲವನ್ನೂ ಮಾರಿ ಮತ್ತೆ ಕೊಳ್ಳಲು ಮರೆತವರು ಮೇ ಕೊನೆಗೆ ಹಳೆಯ ಎತ್ತರ ದಾಟಿದ್ದನ್ನೂ, ಅಕ್ಟೋಬರ್‌ನಲ್ಲಿ ಸೂಚ್ಯಂಕ 18,600 ಮುಟ್ಟಿದ್ದನ್ನೂ ಹೊರಗಿನಿಂದಲೇ ನೋಡಬೇಕಾಯಿತು.